ಅಂಕಗಳ ಪಟ್ಟಿಯಲ್ಲಿ ವರ್ಗಾಂತರದ ಆಯ್ಕೆ

ಪರೀಕ್ಷೆ ಮುಗಿದು ಅಂಕಗಳು ತಿಳಿದುಬಂದ ತರುವಾಯ, ತರಗತಿಯ ಎಲ್ಲ ವಿದ್ಯಾರ್ಥಿಗಳ ಅಂಕಗಳನ್ನು ಒಂದು ಚಿಕ್ಕ ಕೋಷ್ಟಕದಲ್ಲಿ ಅಡಕಗೊಳಿಸುವ ಪದ್ಧತಿಯುಂಟು. ಇದಕ್ಕೆ ಆವೃತ್ತಿ ವಿತರಣಾ ಪಟ್ಟಿಯೆಂದು ಹೆಸರು. ಅಂಕಗಳನ್ನು ಕೆಲವು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿನ ಮುಂದೆ ಅದರಲ್ಲಿ ಎಷ್ಟು ಮಂದಿಯಿದ್ದಾರೆಂಬುದನ್ನು ಬರೆಯುತ್ತೇವೆ. ಗುಂಪಿಗೆ ವರ್ಗಾಂತರವೆಂದೂ, ಅದರಲ್ಲಿರುವವರ ಸಂಖ್ಯೆಗೆ ಆವೃತ್ತಿಯೆಂದೂ ಕರೆಯುವುದು ವಾಡಿಕೆ.

ಪಠ್ಯಪುಸ್ತಕದ ಲೆಕ್ಕಗಳಲ್ಲಿ ವರ್ಗಾಂತರಗಳನ್ನು ಹೆಚ್ಚಾಗಿ ಮೊದಲೇ ಕೊಟ್ಟಿರುತ್ತಾರೆ. ವಿದ್ಯಾರ್ಥಿಯು ತಾಳೆ ಗುರುತುಗಳನ್ನು ಹಾಕಿ ಎಣಿಸಿದರೆ ಸಾಕು. ಆದರೆ ನಿಜವಾದ ಅಂಕಗಳು ಕೈಗೆ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ: ಒಂದು ವರ್ಗಾಂತರದ ಗಾತ್ರ ಎಷ್ಟಿರಬೇಕು? ಎಷ್ಟು ವರ್ಗಾಂತರಗಳಿರಬೇಕು? ಇವುಗಳಿಗೆ ನಾವು ಕೊಡುವ ಉತ್ತರವನ್ನನುಸರಿಸಿ ಅದೇ ಅಂಕಗಳು ಬೇರೆ ಬೇರೆ ಕಥೆಯನ್ನು ಹೇಳುತ್ತವೆ. ಇದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ನಲವತ್ತು ಮಂದಿಯಿರುವ ಒಂದು ತರಗತಿಯಲ್ಲಿ ನೂರು ಅಂಕಗಳ ಗಣಿತ ಪರೀಕ್ಷೆ ನಡೆಯಿತೆಂದೂ, ತೇರ್ಗಡೆಗೆ 35 ಅಂಕಗಳು ಬೇಕೆಂದೂ ಇಟ್ಟುಕೊಳ್ಳೋಣ. ಬಂದ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಬರೆದಿದ್ದೇವೆ:

12, 18, 21, 24, 27, 29, 31, 32, 33, 33,
34, 35, 35, 36, 37, 38, 39, 42, 44, 47,
51, 54, 56, 57, 58, 60, 61, 62, 63, 63,
64, 66, 67, 68, 71, 73, 76, 79, 84, 91.

ಅತಿ ಕಡಿಮೆ ಅಂಕ 12, ಅತಿ ಹೆಚ್ಚು 91. ಇವುಗಳ ವ್ಯತ್ಯಾಸವಾದ 79ಕ್ಕೆ ವ್ಯಾಪ್ತಿಯೆಂದು ಹೆಸರು. ಗಾತ್ರವನ್ನು ನಿಶ್ಚಯಿಸುವುದಕ್ಕೆ ಮೊದಲು ವ್ಯಾಪ್ತಿಯನ್ನು ತಿಳಿದುಕೊಳ್ಳಬೇಕು. ಏಕೆಂದರೆ ವ್ಯಾಪ್ತಿಯನ್ನು ಗಾತ್ರದಿಂದ ಭಾಗಿಸಿದರೆ ವರ್ಗಾಂತರಗಳ ಸಂಖ್ಯೆ ಸುಮಾರಾಗಿ ದೊರೆಯುತ್ತದೆ. ಒಂದನ್ನು ಆರಿಸಿದರೆ ಇನ್ನೊಂದು ತಾನಾಗಿಯೇ ಗೊತ್ತಾಗುವುದು.

ಮೊದಲು ದೊಡ್ಡ ಗಾತ್ರವನ್ನು ಹಿಡಿಯೋಣ. ನೂರನ್ನು ನಾಲ್ಕು ಸಮಭಾಗ ಮಾಡುವುದು ಸುಲಭವಾದ್ದರಿಂದ ಗಾತ್ರವನ್ನು 25 ಎಂದು ಆರಿಸಿದೆವೆನ್ನಿ. ಆಗ ಪಟ್ಟಿ ಹೀಗಾಗುತ್ತದೆ:

0–24 : 4
25–49 : 16
50–74 : 16
75–99 : 4

ಇದನ್ನು ನೋಡಿದವರು ಏನು ತಿಳಿದುಕೊಳ್ಳುವರು? ಅತಿ ಹಿಂದುಳಿದವರು ಕೆಲವರು, ಅತಿ ಮುಂದಿರುವವರು ಅಷ್ಟೇ ಕೆಲವರು, ಉಳಿದವರೆಲ್ಲರೂ ಐವತ್ತರ ಆಚೀಚೆ ನೆರೆದಿದ್ದಾರೆ ಎಂದಲ್ಲವೆ? ಇಂತಹ ತರಗತಿಗೆ ಮಧ್ಯಮಮಟ್ಟದ ಪಾಠ ಹೇಳಿದರೆ ಹೆಚ್ಚಿನವರಿಗೆ ಸರಿಹೊಂದುವುದೆಂದು ಅಧ್ಯಾಪಕರೂ ಭಾವಿಸಿಯಾರು. 47 ಅಂಕ ಪಡೆದ ಹುಡುಗಿಯ ತಂದೆಯು ‘ನನ್ನ ಮಗಳು ಎಲ್ಲರಂತೆಯೇ ಇದ್ದಾಳೆ’ ಎಂದು ಸಮಾಧಾನಪಟ್ಟುಕೊಂಡಾನು.

ಈಗ ಮೇಲಿನ ನಲವತ್ತು ಅಂಕಗಳನ್ನು ಮತ್ತೊಮ್ಮೆ ನೋಡಿರಿ. 40ರಿಂದ 49ರ ವರೆಗೆ ಇರುವವರು ಮೂವರೇ. ಐವತ್ತರ ಸಮೀಪದಲ್ಲಿ ಜನಸಂದಣಿಯೇ ಇಲ್ಲ! ಒಂದು ಗುಂಪು ಮೂವತ್ತೈದರ ಸುತ್ತ, ಇನ್ನೊಂದು ಗುಂಪು ಅರವತ್ತೆರಡರ ಸುತ್ತ ಸೇರಿಕೊಂಡಿದೆ. ಗಾತ್ರವು ದೊಡ್ಡದಾದುದರಿಂದ ಎರಡು ಗುಡ್ಡಗಳೂ ಅವುಗಳ ನಡುವಣ ಕಣಿವೆಯೂ ಒಂದರೊಳಗೊಂದು ಬೆರೆತು ಒಂದೇ ದಿಬ್ಬದಂತೆ ತೋರಿತು. ತರಗತಿಯಲ್ಲಿರುವುದು ಎರಡು ಗುಂಪುಗಳು. ಒಂದೇ ಮಟ್ಟದ ಪಾಠವು ಒಂದಕ್ಕೆ ಕಠಿಣವೂ ಇನ್ನೊಂದಕ್ಕೆ ನೀರಸವೂ ಆಗುವ ಸಂಭವವಿದೆ.

ಸರಾಸರಿಯನ್ನು ನೋಡಿದರೆ ಈ ದೋಷ ಗೊತ್ತಾಗಬಾರದೆ ಎಂದು ಕೆಲವರು ಕೇಳಬಹುದು. ಗೊತ್ತಾಗುವುದಿಲ್ಲ. ನಲವತ್ತು ಅಂಕಗಳ ಮೊತ್ತ 1971. ಆದುದರಿಂದ ನಿಜವಾದ ಸರಾಸರಿ 49.3. ಮೇಲಿನ ಪಟ್ಟಿಯಿಂದ, ವರ್ಗಾಂತರಗಳ ಮಧ್ಯಬಿಂದುಗಳಾದ 12, 37, 62, 87 ಇವುಗಳನ್ನು ಹಿಡಿದು ಲೆಕ್ಕ ಹಾಕಿದರೆ 49.5 ಬರುತ್ತದೆ. ಎರಡೂ ಬಹುಮಟ್ಟಿಗೆ ಒಂದೇ. ಸರಾಸರಿಯು ಸರಿಹೊಂದಿತೆಂಬ ಮಾತ್ರಕ್ಕೆ ಪಟ್ಟಿಯು ಸರಿಯೆಂದು ಹೇಳುವಂತಿಲ್ಲ.

ಹಾಗಾದರೆ ಗಾತ್ರವನ್ನು ಆದಷ್ಟು ಕಿರಿದಾಗಿಸಿದರೆ ಸತ್ಯವು ಹೊರಬೀಳುವುದೆ? ಗಾತ್ರವನ್ನು 2 ಎಂದಿಟ್ಟು, 12–13, 14–15 ಎಂದು ಆರಂಭಿಸಿ 90–91ರ ವರೆಗೆ ಬರೆಯಿರಿ. ನಲವತ್ತು ಮಂದಿಗೆ ನಲವತ್ತು ವರ್ಗಾಂತರಗಳಾಗುತ್ತವೆ! ಅವುಗಳಲ್ಲಿ ಹನ್ನೊಂದು ಬರಿದಾಗಿರುತ್ತವೆ; ಉಳಿದವುಗಳಲ್ಲಿ ಒಬ್ಬರೋ ಇಬ್ಬರೋ ಮೂವರೋ ಇರುತ್ತಾರೆ. ಸಾಲುಗಳು ಏರುತ್ತ ಇಳಿಯುತ್ತ ಗರಗಸದ ಹಲ್ಲುಗಳಂತೆ ಕಾಣುತ್ತವೆ. ಇವುಗಳಲ್ಲಿ ಯಾವ ಏರಿಳಿತ ನಿಜವಾದುದು, ಯಾವುದು ಒಬ್ಬ ವಿದ್ಯಾರ್ಥಿಗೆ ಒಂದು ಅಂಕ ಹೆಚ್ಚು ಕಡಿಮೆಯಾದುದರ ಫಲ ಎಂಬುದನ್ನು ತಿಳಿಯಲಾಗದು. ಪಟ್ಟಿ ಮಾಡಿದ ಉದ್ದೇಶವೇ ಇಲ್ಲಿ ನೆರವೇರಲಿಲ್ಲ.

ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲಬೇಕು? ಇದಕ್ಕೆ ಒಂದು ಪ್ರಸಿದ್ಧ ಸೂತ್ರವನ್ನು ಹರ್ಬರ್ಟ್ ಸ್ಟರ್ಜಸ್ ಎಂಬವರು 1926ರಲ್ಲಿ ಪ್ರಕಟಿಸಿದರು. ಅದನ್ನು ಸರಳವಾಗಿ ಹೀಗೆ ಹೇಳಬಹುದು: ಒಂದರಿಂದ ಆರಂಭಿಸಿ ಎಷ್ಟು ಸಲ ಇಮ್ಮಡಿಸಿದರೆ ವಿದ್ಯಾರ್ಥಿಗಳ ಸಂಖ್ಯೆ ಬರುವುದೋ ನೋಡಿ, ಅದಕ್ಕೆ ಒಂದನ್ನು ಕೂಡಿಸಿದರೆ ವರ್ಗಾಂತರಗಳ ಸಂಖ್ಯೆ ಸಿಗುತ್ತದೆ. ಐದು ಸಲ ಇಮ್ಮಡಿಸಿದರೆ 32, ಆರು ಸಲ ಇಮ್ಮಡಿಸಿದರೆ 64. ನಮ್ಮ 40 ಇವೆರಡರ ನಡುವಿದೆ. ಲೆಕ್ಕ ಹಾಕಿದರೆ 5.3 ಬರುತ್ತದೆ. ಒಂದನ್ನು ಕೂಡಿಸಿದರೆ 6.3. ಎಂದರೆ ಆರು ಅಥವಾ ಏಳು ವರ್ಗಾಂತರಗಳು. ವ್ಯಾಪ್ತಿಯಾದ 79ನ್ನು 6.3ರಿಂದ ಭಾಗಿಸಿದರೆ ಗಾತ್ರವು ಸುಮಾರು 12.5. ಇಂತಹ ಗಾತ್ರದಿಂದ ಓದುವವರಿಗೆ ತೊಡಕಾಗುವುದರಿಂದ ಸಮೀಪದ ಅನುಕೂಲ ಸಂಖ್ಯೆಯಾದ 10ನ್ನು ಅಥವಾ 15ನ್ನು ಆರಿಸಬೇಕು.

ಇವೆರಡರಲ್ಲಿ ಯಾವುದು? 15ನ್ನು ಹಿಡಿದು 5ರಿಂದ ಆರಂಭಿಸಿದರೆ ಆರು ವರ್ಗಾಂತರಗಳಾಗುತ್ತವೆ. ಅವುಗಳ ಆವೃತ್ತಿಗಳು ಕ್ರಮವಾಗಿ 2, 9, 9, 11, 7, 2. ಕಣಿವೆಯು ಇಲ್ಲಿಯೂ ಮುಚ್ಚಿಹೋಯಿತು! ಸೂತ್ರವು ಹೇಳಿದ ಸಂಖ್ಯೆಯನ್ನೇ ಪಾಲಿಸಿದರೂ ಹೀಗೇಕಾಯಿತು? ಸ್ಟರ್ಜಸ್ಸರ ಸೂತ್ರವು ಒಂದೇ ಗುಡ್ಡವಿರುವ, ಎರಡೂ ಕಡೆ ಸಮವಾಗಿ ಇಳಿಯುವ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟದ್ದು. 32 ಮಂದಿಯಿದ್ದರೆ ಅವರು 1, 5, 10, 10, 5, 1 ಎಂದು ಆರು ವರ್ಗಾಂತರಗಳಲ್ಲಿ ಹಂಚಿಹೋಗುವರೆಂಬುದು ಅದರ ಮಾದರಿ. ತರಗತಿಯಲ್ಲಿ ಎರಡು ಗುಡ್ಡಗಳಿದ್ದರೆ ಆ ಮಾದರಿಯು ಹೊಂದುವುದಿಲ್ಲ; ವರ್ಗಾಂತರಗಳು ಇನ್ನೂ ಒಂದೆರಡು ಹೆಚ್ಚು ಬೇಕಾಗುತ್ತವೆ. ಆದುದರಿಂದ ಸೂತ್ರದ ಉತ್ತರವನ್ನು ಆರಂಭದ ಮೆಟ್ಟಿಲೆಂದು ತಿಳಿದು, ಅದಕ್ಕಿಂತ ಕಿರಿದಾದ ಗಾತ್ರವನ್ನೂ ಒಮ್ಮೆ ಪರೀಕ್ಷಿಸಿ ನೋಡತಕ್ಕದ್ದು.

ಗಾತ್ರವನ್ನು 10 ಎಂದಿಟ್ಟು, 10–19, 20–29 ಎಂದು ಆರಂಭಿಸಿದರೆ ಒಂಬತ್ತು ವರ್ಗಾಂತರಗಳಾಗಿ, ಆವೃತ್ತಿಗಳು 2, 4, 11, 3, 5, 9, 4, 1, 1 ಎಂದು ಬರುತ್ತವೆ. ಎರಡು ಗುಡ್ಡಗಳು ಸ್ಪಷ್ಟವಾಗಿ ಕಾಣಿಸಿದವು. ಆದರೆ ಇನ್ನೊಂದು ತೊಡಕು ಉಳಿದಿದೆ. ಅತಿ ಹೆಚ್ಚು ಮಂದಿಯಿರುವ 30–39ರ ವರ್ಗಾಂತರವನ್ನು ನೋಡಿರಿ. ತೇರ್ಗಡೆಯ ಅಂಕವಾದ 35 ಅದರ ನಟ್ಟನಡುವೆ ಬಿದ್ದಿದೆ. ಆ ಹನ್ನೊಂದು ಮಂದಿಯಲ್ಲಿ ತೇರ್ಗಡೆಯಾದವರೆಷ್ಟು, ಆಗದವರೆಷ್ಟು? ಪಟ್ಟಿಯಿಂದ ತಿಳಿಯುವುದಿಲ್ಲ. ಪಟ್ಟಿಯನ್ನು ಕಂಡ ಹೆತ್ತವರು ಮೊದಲು ಕೇಳುವ ಪ್ರಶ್ನೆಯೇ ಅದು.

ಇದಕ್ಕೆ ಪರಿಹಾರ ಸುಲಭ. ಗಾತ್ರವನ್ನು ಬದಲಿಸದೆ, ಆರಂಭದ ಸ್ಥಾನವನ್ನು ಮಾತ್ರ ಸರಿಸಿ, 35 ಒಂದು ವರ್ಗಾಂತರದ ಮೊದಲನೆಯ ಅಂಕವಾಗುವಂತೆ ಮಾಡಬೇಕು:

5–14 : 1
15–24 : 3
25–34 : 7
35–44 : 8
45–54 : 3
55–64 : 9
65–74 : 5
75–84 : 3
85–94 : 1

ಮೊದಲ ಮೂರು ಸಾಲುಗಳನ್ನು ಕೂಡಿಸಿದರೆ 11, ಇವರು ತೇರ್ಗಡೆಯಾಗದವರು. ಉಳಿದ 29 ಮಂದಿ ತೇರ್ಗಡೆಯಾದವರು. ಅವರಲ್ಲಿ ಎಂಟು ಮಂದಿ ಗೆರೆಯನ್ನು ದಾಟಿದರೂ ಅದರ ಸಮೀಪದಲ್ಲಿಯೇ ಇದ್ದಾರೆಂಬುದೂ, ಏಳು ಮಂದಿ ಹತ್ತು ಅಂಕಗಳೊಳಗಾಗಿ ತಪ್ಪಿಸಿಕೊಂಡರೆಂಬುದೂ ಇಲ್ಲಿ ಕಾಣುತ್ತದೆ. ಹೆಚ್ಚಿನ ಪಾಠವನ್ನು ಯಾರಿಗಾಗಿ ಏರ್ಪಡಿಸಬೇಕೆಂಬುದಕ್ಕೆ ಇದೇ ಉತ್ತರ. ಐವತ್ತರ ಬಳಿಯ ಕಣಿವೆಯೂ ಉಳಿದುಕೊಂಡಿದೆ.

ಆರಂಭವನ್ನು ಸರಿಸಿದುದರಿಂದ ಇನ್ನೊಂದು ಪ್ರಯೋಜನವೂ ಆಯಿತು. ಗುಡ್ಡವಾಗಲಿ ಕಣಿವೆಯಾಗಲಿ ನಿಜವೋ, ನಾವು ಗೆರೆ ಎಳೆದ ಸ್ಥಳದಿಂದ ಹುಟ್ಟಿದ ಭ್ರಮೆಯೋ ಎಂದು ತಿಳಿಯಲು ಇದೇ ಪರೀಕ್ಷೆ. 10ರಿಂದ ಆರಂಭಿಸಿದಾಗಲೂ 5ರಿಂದ ಆರಂಭಿಸಿದಾಗಲೂ ಕಣಿವೆಯು ಉಳಿಯಿತು. ಆದುದರಿಂದ ಅದನ್ನು ಗೆರೆಯ ಆಟವೆನ್ನಲಾಗದು. ಆದರೆ ಮೊದಲ ಪಟ್ಟಿಯಲ್ಲಿ 11ರಷ್ಟು ಎತ್ತರವಾಗಿದ್ದ ಗುಡ್ಡವು ಎರಡನೆಯದರಲ್ಲಿ 8ಕ್ಕೆ ಇಳಿದು, ಅತಿ ಎತ್ತರದ ಸ್ಥಾನವು 55–64ಕ್ಕೆ ಹೋಯಿತು. ಯಾವ ಗುಡ್ಡ ದೊಡ್ಡದೆಂಬ ಮಾತನ್ನು ಈ ಅಂಕಗಳಿಂದ ಹೇಳತಕ್ಕದ್ದಲ್ಲ. ನಲವತ್ತು ಮಂದಿಯಿಂದ ತಿಳಿಯುವುದು ಇಷ್ಟೇ. ಎರಡು ಗುಂಪುಗಳು ಸ್ಥಿರವಾದವೇ ಎಂಬುದನ್ನು ಮುಂದಿನ ಪರೀಕ್ಷೆಯ ಅಂಕಗಳಿಂದ ನೋಡಬೇಕು.

ಪಟ್ಟಿಯನ್ನು ಬರೆಯುವಾಗ ಅಂಚಿನ ಅಂಕದ ವಿಷಯದಲ್ಲಿ ಎಚ್ಚರ ಬೇಕು. 25–35, 35–45 ಎಂದು ಬರೆದರೆ 35 ಪಡೆದ ಇಬ್ಬರನ್ನು ಎಲ್ಲಿ ಸೇರಿಸುವುದು? ಒಬ್ಬರು ಮೇಲಿನ ಸಾಲಿನಲ್ಲಿ, ಇನ್ನೊಬ್ಬರು ಕೆಳಗಿನ ಸಾಲಿನಲ್ಲಿ ಎಣಿಸಿಬಿಡಬಹುದು. ಹಾಗೆ ಬರೆಯುವುದಾದರೆ ಅಂಚಿನ ಅಂಕವು ಮುಂದಿನ ವರ್ಗಾಂತರಕ್ಕೆ ಸೇರಿದುದೆಂದು ಪಟ್ಟಿಯ ಕೆಳಗೆ ಸೂಚಿಸಬೇಕು. ಅಂಕಗಳು ಪೂರ್ಣಾಂಕಗಳಾಗಿದ್ದರೆ 25–34, 35–44 ಎಂದು ಬರೆಯುವುದೇ ನಿಶ್ಚಿಂತೆ. ಕೊನೆಗೆ ಆವೃತ್ತಿಗಳನ್ನೆಲ್ಲ ಕೂಡಿಸಿ ಮೊತ್ತವು ವಿದ್ಯಾರ್ಥಿಗಳ ಸಂಖ್ಯೆಗೆ ಸಮನಾಗಿದೆಯೇ ಎಂದು ನೋಡಿದರೆ ಯಾರನ್ನಾದರೂ ಬಿಟ್ಟಿದ್ದರೆ ಅಥವಾ ಎರಡು ಸಲ ಎಣಿಸಿದ್ದರೆ ಗೊತ್ತಾಗುವುದು.

ವಿದ್ಯಾರ್ಥಿಗಳ ಸಂಖ್ಯೆ ಬದಲಾದರೆ ಗಾತ್ರವೂ ಬದಲಾಗಬೇಕು. ಹನ್ನೆರಡು ಮಂದಿಯ ತರಗತಿಗೆ ಆವೃತ್ತಿ ಪಟ್ಟಿಯೇ ಬೇಡ. ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಬರೆದರೆ ಸಾಕು. ಇಡೀ ಶಾಲೆಯ ನಾನೂರು ಮಂದಿಯ ಅಂಕಗಳು ಇದೇ ವ್ಯಾಪ್ತಿಯಲ್ಲಿದ್ದರೆ ಗಾತ್ರವನ್ನು 5ಕ್ಕೆ ಇಳಿಸಬಹುದು. ಆಗ ಹದಿನೇಳು ವರ್ಗಾಂತರಗಳಾದರೂ ಒಂದೊಂದರಲ್ಲಿ ಸರಾಸರಿ ಇಪ್ಪತ್ತಮೂರಕ್ಕಿಂತ ಹೆಚ್ಚು ಮಂದಿ ಇರುವುದರಿಂದ ಗರಗಸದ ಹಲ್ಲುಗಳು ಅಷ್ಟಾಗಿ ಕಾಣವು. ನಮ್ಮ ನಲವತ್ತು ಮಂದಿಗೆ ಅದೇ ಗಾತ್ರವನ್ನು ಹಿಡಿದರೆ ಒಂದೊಂದರಲ್ಲಿ ಇಬ್ಬರು ಮೂವರು ಮಾತ್ರ ಸಿಗುವರು.

ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಮೇಲಿನ ನಲವತ್ತು ಅಂಕಗಳನ್ನೇ ತೆಗೆದುಕೊಂಡು, ಗಾತ್ರವನ್ನು 20 ಎಂದಿಟ್ಟು, ಒಮ್ಮೆ 0ಯಿಂದಲೂ ಇನ್ನೊಮ್ಮೆ 15ರಿಂದ ಹಿಂದಕ್ಕೂ ಮುಂದಕ್ಕೂ ಹೋಗುವಂತೆ ಕೆಳಗಿನ ಅಂಚನ್ನಿಟ್ಟೂ ಎರಡು ಪಟ್ಟಿಗಳನ್ನು ಮಾಡಲಿ. ಯಾವುದರಲ್ಲಿ ಕಣಿವೆಯು ಉಳಿಯುತ್ತದೆ, ಯಾವುದರಲ್ಲಿ ತೇರ್ಗಡೆಯ ಗೆರೆ ಸ್ಪಷ್ಟವಾಗುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಲಿ.