ಖಾತೆಗೆ ಬಂದದ್ದು 8150, ಬರಬೇಕಿದ್ದದ್ದು ಎಷ್ಟು?

ಆಶಾ ಕಾರ್ಯಕರ್ತೆಯ ತಿಂಗಳ ಹಣದಲ್ಲಿ ಮೂರು ಭಾಗಗಳಿವೆ: ರಾಜ್ಯ ಸರ್ಕಾರದ ನಿಗದಿತ ಗೌರವಧನ, ಸಭೆ, ಪಟ್ಟಿ, ದಾಖಲೆಗಳಂಥ ಪ್ರತಿ ತಿಂಗಳ ಕೆಲಸಗಳಿಗೆ ಕೇಂದ್ರ ಕೊಡುವ ಮೊತ್ತ, ಮತ್ತು ಒಂದೊಂದು ಕೆಲಸಕ್ಕೂ ಸಿಗುವ ಪ್ರೋತ್ಸಾಹಧನ. ಮೊದಲೆರಡು ತಪ್ಪಿದರೆ ತಕ್ಷಣ ಕಾಣುತ್ತದೆ. ಹಣ ಸದ್ದಿಲ್ಲದೆ ಸೋರುವುದು ಮೂರನೆಯದರಲ್ಲಿ. ಆದ್ದರಿಂದ ಆಕೆ ಕೇಳಬೇಕಾದದ್ದು ಬರೀ ಹಣವನ್ನಲ್ಲ, ಬಾಬ್ತುವಾರು ಲೆಕ್ಕವನ್ನು.

ಗ್ರಾಮೀಣ ಕರ್ನಾಟಕದ ಒಂದು ಕಾಲ್ಪನಿಕ ತಿಂಗಳನ್ನು ಹಳೆಯ ದರದಲ್ಲಿ ನೋಡೋಣ (ಈಗಿನ ಆದೇಶದ ದರವನ್ನು ಓದುಗರೇ ಹಾಕಿಕೊಳ್ಳಲಿ). ರಾಜ್ಯದ್ದು 5000, ಕೇಂದ್ರದ್ದು 2000. ಜನನಿ ಸುರಕ್ಷಾ ಯೋಜನೆಗೆ ಅರ್ಹರಾದ ಇಬ್ಬರು ಗರ್ಭಿಣಿಯರಲ್ಲಿ ಒಬ್ಬರಿಗೆ ಊರಿನ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ತಪಾಸಣೆಗೆ 300, ಹೆರಿಗೆಗೆ 300, ಒಟ್ಟು 600. ಇನ್ನೊಬ್ಬರು ಹೆರಿಗೆಗೆ ತವರಿಗೆ ಹೋದರು. ಹೆರಿಗೆಯ ಪಾಲು ಅಲ್ಲಿನ ಆಶಾಗೆ, ತಪಾಸಣೆಯ 300 ಈಕೆಗೆ. ಎರಡು ನವಜಾತ ಶಿಶುಗಳ ಮನೆಭೇಟಿ ಪೂರ್ಣಗೊಂಡದ್ದಕ್ಕೆ ತಲಾ 250, ಅಂದರೆ 500. ಮೂರು ಮಕ್ಕಳಿಗೆ ಮೊದಲ ವರ್ಷದ ಲಸಿಕೆ ಪೂರ್ಣವಾದದ್ದಕ್ಕೆ ತಲಾ 100, ಅಂದರೆ 300. ಎಲ್ಲ ಸೇರಿ 8700. ಬಂದದ್ದು 8150. ಕಡಿಮೆಯಾದ 550ರಲ್ಲಿ 250 ಒಂದು ಮಗುವಿನ ಮನೆಭೇಟಿಯದು ಎನ್ನಬಹುದು. ಉಳಿದ 300 ತವರಿಗೆ ಹೋದ ತಾಯಿಯ ತಪಾಸಣೆಯದೋ, ಮೂರು ಲಸಿಕೆಗಳದೋ? ಬ್ಯಾಂಕಿನ ಮೆಸೇಜು ಅದನ್ನು ಹೇಳುವುದಿಲ್ಲ. ಇನ್ನೊಂದು ತೊಡಕೂ ಉಂಟು. ಮನೆಭೇಟಿಯ ಹಣ ಸಲ್ಲುವುದು 42ನೇ ದಿನದ ಭೇಟಿ ಮುಗಿದ ಮೇಲೆ. ಮಾರ್ಚ್ ಕೊನೆಯಲ್ಲಿ ಹುಟ್ಟಿದ ಮಗು ಮೇ ತಿಂಗಳ ಲೆಕ್ಕಕ್ಕೆ ಬರುತ್ತದೆ. ಜನನ ತೂಕವೋ ಜನನ ನೋಂದಣಿಯೋ ದಾಖಲಾಗದಿದ್ದರೆ ಆರು ಭೇಟಿ ಮಾಡಿದ್ದರೂ ಕ್ಲೇಮು ನಿಂತುಬಿಡಬಹುದು.

“ಪೋರ್ಟಲ್‌ನಲ್ಲಿ ಎಂಟ್ರಿ ಇಲ್ಲ, ಹಾಗಾಗಿ ಹಣವಿಲ್ಲ” ಎಂಬ ಉತ್ತರ ಸಾಮಾನ್ಯ. ಎಂಟ್ರಿ ಇಲ್ಲ ಎಂದಮಾತ್ರಕ್ಕೆ ಕೆಲಸವೇ ಆಗಿಲ್ಲ ಎಂದಾಗದು. ತಾಯಿ ಕಾರ್ಡು, ಮನೆಭೇಟಿಯ ನಮೂನೆ, ಮೇಲ್ವಿಚಾರಕರ ಸಹಿಯಿರುವ ಕ್ಲೇಮ್ ಫಾರಂ, ಇವೇ ಆಕೆಯ ಪುರಾವೆ. ಫಾರಂ ಕೊಡುವ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳಬೇಕು.

“ಆಶಾ ಸ್ವಯಂಸೇವಕಿ, ನೌಕರಳಲ್ಲ, ಹಕ್ಕಿನ ಮಾತೆಲ್ಲಿ?” ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆ ಹಣೆಪಟ್ಟಿ ಇರುವವರೆಗೆ ಕನಿಷ್ಠ ವೇತನದ ವಾದ ಕಷ್ಟವೇ. ಆದರೆ ಸರ್ಕಾರವೇ ದರ ಗೊತ್ತುಮಾಡಿ ಮಾಡಿಸಿಕೊಂಡ ಕೆಲಸದ ಹಣ ದಾನವಲ್ಲ. ಲೆಕ್ಕ ಕೇಳಲು ನೌಕರಳಾಗಿರಬೇಕೆಂದೂ ಇಲ್ಲ, ಪ್ರಜೆಯಾಗಿದ್ದರೆ ಸಾಕು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಫಲಾನುಭವಿವಾರು ಪಟ್ಟಿ ಕೇಳಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಫಲಿಸದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ. ಅಲ್ಲೂ ಮೌನವಾದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ. “ನನಗೆ ಏಕೆ ಹಣ ಬಂದಿಲ್ಲ?” ಎಂದು ಕೇಳಿದರೆ ಹಾರಿಕೆಯ ಉತ್ತರ ಬರಬಹುದು, “ಈ ತಿಂಗಳ ನನ್ನ ಕ್ಲೇಮ್ ಫಾರಂ ಮತ್ತು ಪಾವತಿ ಪಟ್ಟಿಯ ದೃಢೀಕೃತ ಪ್ರತಿ” ಎಂದು ಕೇಳಿದರೆ ದಾಖಲೆಯನ್ನೇ ಕೊಡಬೇಕಾಗುತ್ತದೆ. 30 ದಿನದಲ್ಲಿ ಮಾಹಿತಿ ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ಈ ಕಾಯ್ದೆ ದಾಖಲೆ ಕೊಡಿಸುತ್ತದೆಯೇ ಹೊರತು ಹಣವನ್ನಲ್ಲ. ಬಾಕಿ ವಸೂಲಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ.