ಸಭೆಯ ತೀರ್ಮಾನಕ್ಕೊಂದು ಹೆಸರು, ಒಂದು ದಿನಾಂಕ: ಸಂಘದಲ್ಲಿ ಕ್ರಮ ವಹಿ ಇಡುವ ಬಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ತಾಲ್ಲೂಕಿನ ಹಾಲು ಉತ್ಪಾದಕರ ಸಂಘಕ್ಕೆ ಹೋದರೂ ಆಡಳಿತ ಮಂಡಳಿಯ ನಡಾವಳಿ ಪುಸ್ತಕ ಇರುತ್ತದೆ. ಅದರಲ್ಲಿ 'ಅಗತ್ಯ ಕ್ರಮ ವಹಿಸಲು ತೀರ್ಮಾನಿಸಲಾಯಿತು' ಎಂಬ ಸಾಲೂ ಸಾಮಾನ್ಯ. ಆದರೆ ಆ ಕ್ರಮವನ್ನು ಯಾರು ವಹಿಸಬೇಕು, ಯಾವತ್ತಿನೊಳಗೆ ಎಂಬುದು ಅಲ್ಲಿರುವುದಿಲ್ಲ. ಹೀಗಾಗಿ ಅದೇ ದೂರು ಮುಂದಿನ ಸಭೆಗೂ ಬರುತ್ತದೆ. ಇದಕ್ಕೆ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುವ 'ಕ್ರಮ ವಹಿ' ಸಾಕು.

ಪುಟದಲ್ಲಿ ಆರು ಕಾಲಂ ಎಳೆಯಿರಿ: ಸಭೆಯ ದಿನಾಂಕ ಮತ್ತು ನಿರ್ಣಯ ಸಂಖ್ಯೆ, ಆಗಬೇಕಾದ ಕೆಲಸ, ಹೊಣೆಗಾರರು, ಗಡುವು, ಸ್ಥಿತಿ, ಮುಗಿದದ್ದಕ್ಕೆ ಆಧಾರ.

ಒಂದು ಉದಾಹರಣೆ ನೋಡೋಣ. ಜೂನ್ 10ರ ಸಭೆಯಲ್ಲಿ 'ನಮ್ಮ ಡೇರಿಯ ಯಂತ್ರ ಫ್ಯಾಟ್ ಕಡಿಮೆ ತೋರಿಸುತ್ತಿದೆ' ಎಂದು ಸದಸ್ಯರ ದೂರು ಬಂತು ಎಂದುಕೊಳ್ಳಿ. ಯಂತ್ರ ಕಡಿಮೆ ತೋರಿಸಿದರೆ ಉತ್ಪಾದಕರಿಗೆ ನಷ್ಟ; ಹೆಚ್ಚು ತೋರಿಸಿದರೆ ಸಂಘಕ್ಕೆ ನಷ್ಟ. 'ಯಂತ್ರ ಸರಿಪಡಿಸುವುದು' ಎಂದು ಒಂದೇ ಸಾಲು ಬರೆದರೆ ಅದನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಮೂರು ಸಾಲು ಮಾಡಿ.

ಮೊದಲ ಸಾಲು: ಐದು ಸದಸ್ಯರ ಹಾಲನ್ನು ಚೆನ್ನಾಗಿ ಕಲಸಿ ಮಾದರಿ ತೆಗೆದು, ನಮ್ಮ ಯಂತ್ರದಲ್ಲೂ, ಒಕ್ಕೂಟದ ಪ್ರಯೋಗಾಲಯದಲ್ಲಿ ಗರ್ಬರ್ ವಿಧಾನದಲ್ಲೂ ಪರೀಕ್ಷಿಸುವುದು. ಹೊಣೆ ಹಾಲು ಪರೀಕ್ಷಕರದು, ಗಡುವು ಜೂನ್ 14. ಆಧಾರ: ಎರಡೂ ಫಲಿತಾಂಶ ಇರುವ ಚೀಟಿ.

ಎರಡನೆಯ ಸಾಲು: ವ್ಯತ್ಯಾಸ ಕಂಡರೆ ಯಂತ್ರದ ಕ್ಯಾಲಿಬ್ರೇಶನ್‌ಗೆ ಲಿಖಿತ ಮನವಿ ಕೊಡುವುದು. ಹೊಣೆ ಕಾರ್ಯದರ್ಶಿಯವರದು, ಗಡುವು ಜೂನ್ 17. ಆಧಾರ: ಸ್ವೀಕೃತಿ ಇರುವ ಪತ್ರದ ಪ್ರತಿ.

ಮೂರನೆಯ ಸಾಲು: ರಿಪೇರಿಯ ನಂತರ ಮತ್ತೆ ಐದು ಮಾದರಿ ಹೋಲಿಸಿ, ಫಲಿತಾಂಶವನ್ನು ಸೂಚನಾ ಫಲಕಕ್ಕೆ ಹಾಕುವುದು. ಹೊಣೆ ಒಬ್ಬ ನಿರ್ದೇಶಕರದು, ಗಡುವು ಜೂನ್ 28.

ಜೂನ್ 25ಕ್ಕೆ ಮೆಕ್ಯಾನಿಕ್ ಬಂದು ಹೋದರು ಎನ್ನೋಣ. 'ಆಯ್ತು ಬಿಡಿ' ಎಂದು ಎಲ್ಲರೂ ಸುಮ್ಮನಾಗುವುದು ಇಲ್ಲೇ. ಆದರೆ ವಹಿಯಲ್ಲಿ ಮೂರನೆಯ ಸಾಲು ಇನ್ನೂ ಬಾಕಿ ಇದೆ. ಮರುಪರೀಕ್ಷೆಯಲ್ಲಿ ಎರಡು ಮಾದರಿ ಈಗಲೂ 0.2 ಕಡಿಮೆ ಬಂದವು. ಹುಡುಕಿದಾಗ ಕಂಡದ್ದು ಬೇರೆ ಕಾರಣ: ಹಾಲು ತೆಗೆದುಕೊಂಡ ಮೇಲೆ ಯಂತ್ರದ ಕೊಳವೆಯನ್ನು ಸರಿಯಾಗಿ ತೊಳೆಯುತ್ತಿರಲಿಲ್ಲ, ಒಳಗೆ ಜಿಡ್ಡು ಕಟ್ಟಿತ್ತು. ಈಗ ನಾಲ್ಕನೆಯ ಸಾಲು ಬಂತು: ಬೆಳಿಗ್ಗೆ, ಸಂಜೆ ಎರಡೂ ಹೊತ್ತು ತೊಳೆದು ಸಹಿ ಹಾಕುವುದು. ಮೆಕ್ಯಾನಿಕ್ ಬಂದದ್ದನ್ನೇ 'ಮುಗಿದಿದೆ' ಎಂದು ಬರೆದಿದ್ದರೆ ಸದಸ್ಯರ ನಷ್ಟ ಹಾಗೇ ಮುಂದುವರಿಯುತ್ತಿತ್ತು. ಆಧಾರದ ಕಾಲಂ ಇರುವುದು ಇದಕ್ಕಾಗಿಯೇ.

ಹೊಣೆಗಾರರ ಕಾಲಂನಲ್ಲಿ ಸಭೆಯಲ್ಲಿ ಹಾಜರಿದ್ದು ಒಪ್ಪಿಕೊಂಡ ಒಬ್ಬರ ಹೆಸರು ಮಾತ್ರ ಇರಲಿ. 'ಆಡಳಿತ ಮಂಡಳಿ' ಎಂದು ಬರೆದರೆ ಯಾರನ್ನೂ ಕೇಳುವಂತಿಲ್ಲ. ಕೆಲಸ ಒಕ್ಕೂಟದಿಂದಲೇ ಆಗಬೇಕಿದ್ದರೂ ವಿಸ್ತರಣಾಧಿಕಾರಿಯವರ ಹೆಸರು ಬರೆಯಬೇಡಿ. ಅವರನ್ನು ಕಂಡು ಕೆಲಸ ಮುಗಿಸಿಕೊಂಡು ಬರುವ ನಿಮ್ಮ ನಿರ್ದೇಶಕರ ಹೆಸರು ಬರೆಯಿರಿ.

ಗಡುವು ಎಂದರೆ 'ಮುಂದಿನ ಸಭೆಯೊಳಗೆ' ಅಲ್ಲ, ಕ್ಯಾಲೆಂಡರಿನ ಒಂದು ದಿನ. ಬಟವಾಡೆಯ ದಿನ ಕಾರ್ಯದರ್ಶಿಯವರಿಗೆ ಬಿಡುವಿರುವುದಿಲ್ಲ, ಅಂದು ಅವರಿಗೆ ಗಡುವು ಇಡಬೇಡಿ. ದಿನ ಮೀರಿದರೆ ಹಳೆಯ ದಿನಾಂಕಕ್ಕೆ ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ, ವೈಟ್ನರ್ ಬೇಡ. ಒಂದೇ ಸಾಲಿನಲ್ಲಿ ಮೂರು ದಿನಾಂಕ ಕಂಡರೆ ಕೆಲಸ ದೊಡ್ಡದಾಗಿದೆ, ಇಲ್ಲವೇ ಹಣ ಮಂಜೂರಾಗಿಲ್ಲ, ಇಲ್ಲವೇ ಹೊಣೆ ತಪ್ಪಾದವರಿಗೆ ಹೋಗಿದೆ ಎಂದರ್ಥ. ಆಗ ನಾಲ್ಕನೆಯ ದಿನಾಂಕ ಕೊಡದೆ ವಿಷಯವನ್ನು ಮತ್ತೆ ಮಂಡಳಿಯ ಮುಂದಿಡಿ.

ಸ್ಥಿತಿಗೆ ಮೂರೇ ಪದ ಸಾಕು: ಬಾಕಿ, ನಡೆಯುತ್ತಿದೆ, ಮುಗಿದಿದೆ. ವಾರಕ್ಕೊಮ್ಮೆ ಕಾರ್ಯದರ್ಶಿಯವರು ಗಡುವು ಹತ್ತಿರವಾದ ಹೊಣೆಗಾರರನ್ನು, ಹಾಲು ಹಾಕಲು ಬಂದಾಗಲೇ, ಕೇಳಿ ಗುರುತು ಹಾಕಲಿ. ಕಾರ್ಯದರ್ಶಿಯವರ ಸ್ವಂತ ಸಾಲುಗಳನ್ನು ಅಧ್ಯಕ್ಷರು ಕೇಳಲಿ. ಪ್ರತಿ ಸಭೆಯಲ್ಲಿ ಹಿಂದಿನ ನಡಾವಳಿ ಓದಿದ ಕೂಡಲೇ, ಹೊಸ ವಿಷಯ ಎತ್ತುವ ಮುಂಚೆ, ಮುಗಿಯದ ಸಾಲುಗಳನ್ನು ಮಾತ್ರ ಓದಿ.

ಈ ವಹಿ ನಡಾವಳಿ ಪುಸ್ತಕದ ಬದಲಿಯಲ್ಲ. ಖರ್ಚಿನ ಮಂಜೂರಾತಿ, ನಿರ್ಣಯ, ಸಹಿ ಎಲ್ಲವೂ ನಡಾವಳಿಯಲ್ಲೇ ಇರಬೇಕು. ಅಲ್ಲಿಲ್ಲದ ಖರ್ಚನ್ನು ವಹಿಯ ಸಾಲು ತೋರಿಸಿ ಮಾಡುವಂತಿಲ್ಲ. ಅದಕ್ಕೇ ಮೊದಲ ಕಾಲಂನಲ್ಲಿ ನಿರ್ಣಯ ಸಂಖ್ಯೆ ಇಟ್ಟಿರುವುದು. ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು 'ಆ ಕೆಲಸ ಏನಾಯಿತು?' ಎಂದು ಕೇಳಿದಾಗ ಆ ಸಂಖ್ಯೆ ಹಿಡಿದು ಪುಟ ತೆರೆದರೆ ಉತ್ತರ ಅಲ್ಲೇ ಸಿಗುತ್ತದೆ.