ರಣಹದ್ದು ಹೋದರೆ ಏನೇನು ಹೋಗುತ್ತದೆ? ಆಹಾರ ಜಾಲದ ಪಾಠಕ್ಕೆ ಐದು ಪ್ರಶ್ನೆಗಳು

ಹುಲ್ಲನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ ತಿನ್ನುತ್ತದೆ, ಕಪ್ಪೆಯನ್ನು ಹಾವು ನುಂಗುತ್ತದೆ. ಇದು ಆಹಾರ ಸರಪಳಿ ಎಂದು ಮಕ್ಕಳು ಬಲ್ಲರು. ಆದರೆ ಒಂದೊಂದು ಪ್ರಾಣಿಯೂ ಹಲವನ್ನು ತಿಂದು, ಹಲವಕ್ಕೆ ಆಹಾರವಾಗುವುದರಿಂದ, ನಿಜವಾಗಿ ಅದು ಸರಪಳಿಯಲ್ಲ, ಬಲೆ. ಬಲೆಯ ಒಂದು ಗಂಟು ಬಿಚ್ಚಿದರೆ ಯಾವ ಯಾವ ಎಳೆ ಸಡಿಲವಾದೀತೆಂಬುದನ್ನು ಮೊದಲೇ ಊಹಿಸಲು ಕಲಿಸುವುದೇ ಈ ಪಾಠದ ಉದ್ದೇಶ. ಅದಕ್ಕಾಗಿ ನಮ್ಮ ದೇಶದಲ್ಲೇ ನಡೆದ ಒಂದು ಸಂಗತಿಯನ್ನು ಇಲ್ಲಿ ಆರಿಸಿಕೊಂಡಿದೆ.

ಉಪಾಧ್ಯಾಯರಿಗೆ ಒಂದು ಸೂಚನೆ. ಪ್ರತಿ ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರವನ್ನು ಕೂಡಲೇ ಹೇಳಬಾರದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊಹೆಯನ್ನೂ, "ಏಕೆಂದರೆ" ಎಂದು ಅದರ ಕಾರಣವನ್ನೂ ಸ್ಲೇಟಿನಲ್ಲೋ ಪುಸ್ತಕದಲ್ಲೋ ಬರೆಯಲಿ. ಆಮೇಲೆ ಕೆಳಗಿನ ವಿವರವನ್ನು ಓದಿ ಹೇಳಿರಿ.

ಒಂದನೆಯ ಪ್ರಶ್ನೆ: ಊರ ಹೊರಗೆ ಒಂದು ದನ ಸತ್ತು ಬಿದ್ದಿದೆ. ಅದನ್ನು ತಿನ್ನಲು ಯಾರು ಯಾರು ಬರುತ್ತಾರೆ?

ಹಲಗೆಯ ನಡುವೆ ದನದ ಹೆಣವನ್ನು ಬರೆದು, ಮಕ್ಕಳು ಹೇಳಿದ ಪ್ರಾಣಿಗಳಿಗೆಲ್ಲ ಒಂದೊಂದು ಬಾಣ ಎಳೆಯಿರಿ: ರಣಹದ್ದು, ಕಾಗೆ, ನಾಯಿ, ನರಿ, ಇಲಿ, ನೊಣದ ಹುಳು. ಇವೆಲ್ಲ ಒಂದೇ ಊಟಕ್ಕೆ ಸ್ಪರ್ಧಿಗಳು. ಮೊದಲಿನ ದಿನಗಳಲ್ಲಿ ಗೆಲ್ಲುತ್ತಿದ್ದುದು ರಣಹದ್ದು. ಅದು ಮೇಲಿನಿಂದಲೇ ಹೆಣವನ್ನು ಕಂಡು ಇಳಿಯುತ್ತದೆ. ಒಂದು ಇಳಿದುದನ್ನು ಕಂಡು ದೂರದವೂ ಬರುತ್ತವೆ. ದೊಡ್ಡ ಗುಂಪಾದರೆ ಗಂಟೆಯೊಳಗಾಗಿ ಎಲುಬು ಮಾತ್ರ ಉಳಿಯುತ್ತಿತ್ತು. ಉಳಿದ ಪ್ರಾಣಿಗಳಿಗೆ ಸಿಕ್ಕುತ್ತಿದ್ದುದು ಅಲ್ಪಸ್ವಲ್ಪ.

ಎರಡನೆಯ ಪ್ರಶ್ನೆ: ನೂರು ಹೆಣಗಳಲ್ಲಿ ಒಂದರಲ್ಲಿ ಮಾತ್ರ ಹದ್ದಿಗೆ ವಿಷವಾಗುವ ವಸ್ತುವಿದೆ. ವರ್ಷದ ಕೊನೆಗೆ ನೂರು ಹದ್ದುಗಳಲ್ಲಿ ಎಷ್ಟು ಉಳಿದಾವು?

ಹೆಚ್ಚಿನವರು "ತೊಂಬತ್ತೊಂಬತ್ತು" ಎಂದು ಬರೆಯುತ್ತಾರೆ. ಲೆಕ್ಕ ಮಾಡಿ ನೋಡೋಣ. ಒಂದು ಹದ್ದು ಮೂರು ದಿನಕ್ಕೊಮ್ಮೆ ತಿನ್ನುವುದೆಂದು ಹಿಡಿದರೆ ವರ್ಷಕ್ಕೆ ಸುಮಾರು 120 ಊಟ. ಮೊದಲನೆಯ ಊಟದಲ್ಲಿ ನೂರಕ್ಕೆ ಒಂದು ಹೋಗಿ 99 ಉಳಿಯುತ್ತವೆ. ಎರಡನೆಯದರಲ್ಲಿ ಆ 99ರಲ್ಲಿ ನೂರನೆಯ ಒಂದು ಭಾಗ ಹೋಗುತ್ತದೆ. ಹೀಗೆ 120 ಸಲ ಕಳೆದರೆ ಕೊನೆಗೆ ಉಳಿಯುವುದು ಸುಮಾರು 30 ಮಾತ್ರ. ಇತ್ತ ರಣಹದ್ದಿನ ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನು ಮೊಟ್ಟೆಯಿಡಲು ಸುಮಾರು ಐದು ವರ್ಷ ಬೇಕು. ಆದುದರಿಂದ ಹೋದ ನಷ್ಟ ತುಂಬಿ ಬರುವುದಿಲ್ಲ.

ಇದು ಬರಿಯ ಲೆಕ್ಕವಲ್ಲ. 1990ರ ದಶಕದಲ್ಲಿ ದನಗಳ ನೋವು, ಬಾವುಗಳಿಗೆ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿ ದೇಶದಲ್ಲೆಲ್ಲ ಬಳಕೆಗೆ ಬಂದಿತು. ಚುಚ್ಚುಮದ್ದು ಪಡೆದ ದನ ಕೆಲವು ದಿನಗಳೊಳಗೆ ಸತ್ತು, ಅದನ್ನು ರಣಹದ್ದು ತಿಂದರೆ, ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಸತ್ತ ಹದ್ದನ್ನು ಸೀಳಿ ನೋಡಿದಾಗ ಒಳ ಅಂಗಗಳ ಮೇಲೆ ಸುಣ್ಣದಂತಹ ಬಿಳಿಯ ಪದಾರ್ಥ ಕಟ್ಟಿಕೊಂಡಿರುತ್ತಿತ್ತು. ಈ ಕಾರಣವನ್ನು ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ನೂರಕ್ಕೆ ಒಂದಕ್ಕಿಂತ ಕಡಮೆ ಹೆಣಗಳಲ್ಲಿ ಈ ಮದ್ದಿದ್ದರೂ ಸಂತತಿ ಕುಸಿಯಲು ಸಾಕೆಂದು ವಿಜ್ಞಾನಿಗಳ ಲೆಕ್ಕ ತೋರಿಸಿತು. 1992ರಿಂದ 2007ರೊಳಗೆ ನಮ್ಮ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಮಾತ್ರ ಉಳಿಯಿತು.

ಮೂರನೆಯ ಪ್ರಶ್ನೆ: ಹದ್ದು ಬಿಟ್ಟ ಊಟ ಯಾರ ಪಾಲಾಗುತ್ತದೆ? ಅದರಿಂದ ಊರಿಗೇನು?

ಹಲಗೆಯ ಮೇಲಿನ ರಣಹದ್ದಿನ ಬಾಣವನ್ನು ಅಳಿಸಿರಿ. ದನಗಳು ಸಾಯುವುದೇನೂ ನಿಲ್ಲಲಿಲ್ಲ. ಆ ಮಾಂಸವೆಲ್ಲ ಉಳಿಯಿತು. ಉಳಿದವರಲ್ಲಿ ಅದನ್ನು ಹೆಚ್ಚಾಗಿ ತಿನ್ನಬಲ್ಲದ್ದು ಬೀದಿನಾಯಿ. ಹೆಣ್ಣುನಾಯಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಮೇವು ಹೆಚ್ಚಾದರೆ ಮರಿಗಳೂ ಹೆಚ್ಚು ಬದುಕುತ್ತವೆ. ಹದ್ದು ಮನುಷ್ಯನನ್ನು ಕಚ್ಚುವುದಿಲ್ಲ. ನಾಯಿ ಕಚ್ಚುತ್ತದೆ, ಅದರ ಜೊಲ್ಲಿನಲ್ಲಿ ಹುಚ್ಚುನಾಯಿ ರೋಗವಿರಬಹುದು. ಹದ್ದು ಇಲ್ಲವಾದುದರಿಂದ ದೇಶದಲ್ಲಿ ಸುಮಾರು 55 ಲಕ್ಷ ನಾಯಿಗಳು ಹೆಚ್ಚಾದುವೆಂದೂ, 1992ರಿಂದ 2006ರವರೆಗೆ ಆ ರೋಗದಿಂದ ಸುಮಾರು 48,000 ಮಂದಿ ಹೆಚ್ಚಾಗಿ ಸತ್ತರೆಂದೂ 2008ರ ಒಂದು ಅಧ್ಯಯನ ಅಂದಾಜು ಮಾಡಿತು.

ಈಗ ಮಕ್ಕಳು ತಮ್ಮ ಬಾಣಗಳನ್ನು ಓದಲಿ: ಮದ್ದು, ದನ, ಹದ್ದು, ನಾಯಿ, ಮನುಷ್ಯ. ದನಕ್ಕೆ ಮದ್ದು ಕೊಟ್ಟವನಿಗೆ ಕೊನೆಯ ಬಾಣ ಕಾಣಿಸುತ್ತಿರಲಿಲ್ಲ.

ನಾಲ್ಕನೆಯ ಪ್ರಶ್ನೆ: ಇದೆಲ್ಲ ಹದ್ದು ಹೋದುದರಿಂದಲೇ ಆಯಿತೆಂದು ತಿಳಿಯುವುದು ಹೇಗೆ?

ನಾಯಿ ಹೆಚ್ಚಾಗಲು ಪೇಟೆಯ ಕಸವೂ ಕಾರಣವಾಗಬಹುದಲ್ಲವೇ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಹೋಲಿಕೆ ಬೇಕು. ಈಯಾಲ್ ಫ್ರ್ಯಾಂಕ್ ಮತ್ತು ಅನಂತ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿಲ್ಲೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ರಣಹದ್ದಿಗೆ ಒಗ್ಗುವ ನೆಲವಿದ್ದ ಜಿಲ್ಲೆಗಳು, ಮೊದಲಿಂದಲೂ ಅದಕ್ಕೆ ಒಗ್ಗದ ಜಿಲ್ಲೆಗಳು. ಮದ್ದು ಬರುವ ಮೊದಲು ಎರಡರಲ್ಲೂ ಸಾವಿನ ಪ್ರಮಾಣ ಒಂದೇ ರೀತಿ ಸಾಗಿತ್ತು. ಮದ್ದು ಬಂದ ಮೇಲೆ ಹದ್ದಿನ ಜಿಲ್ಲೆಗಳಲ್ಲಿ ಮಾತ್ರ ಅದು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಏರಿತು. 2000ದಿಂದ 2005ರವರೆಗೆ ಹೀಗೆ ಹೆಚ್ಚಾದ ಸಾವು ಸುಮಾರು ಐದು ಲಕ್ಷವೆಂದು ಅವರ ಅಂದಾಜು. ಇದರಲ್ಲಿ ನಾಯಿಕಡಿತದ ಪಾಲೆಷ್ಟು, ಕೊಳೆತ ಹೆಣಗಳಿಂದ ಕೆಟ್ಟ ನೀರಿನ ಪಾಲೆಷ್ಟು ಎಂದು ಈ ಹೋಲಿಕೆಯೊಂದರಿಂದಲೇ ಬೇರ್ಪಡಿಸಲಾಗದು.

ಆದುದರಿಂದ ಹಲಗೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿರಿ. ಎಣಿಸಿ, ಹೋಲಿಸಿ ನೋಡಿದ ಬಾಣಕ್ಕೆ ಗಟ್ಟಿ ಗೆರೆ. ಊಹೆಯ ಬಾಣಕ್ಕೆ ಚುಕ್ಕಿ ಗೆರೆ. "ನಾಯಿ ಹೆಚ್ಚಾದರೆ ಅದನ್ನು ಹಿಡಿಯಲು ಚಿರತೆ ಊರಿಗೆ ಬಂದೀತು" ಎಂದು ಮಗು ಹೇಳಿದರೆ ಅದನ್ನೂ ಬರೆಯಿರಿ, ಚುಕ್ಕಿ ಗೆರೆಯಲ್ಲಿ.

ಐದನೆಯ ಪ್ರಶ್ನೆ: ಆ ಮದ್ದನ್ನು ನಿಷೇಧಿಸಿದರೆ ಮರುವರ್ಷವೇ ಹದ್ದು ಮರಳುತ್ತದೆಯೇ?

ವರ್ಷಕ್ಕೊಂದು ಮೊಟ್ಟೆಯ ಲೆಕ್ಕ ನೆನಪಿರುವ ಮಗು "ಇಲ್ಲ" ಎನ್ನುತ್ತದೆ. ಜಾಲವನ್ನು ಹರಿಯುವುದು ಬೇಗ, ನೇಯುವುದು ನಿಧಾನ. ಸರಕಾರ 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ತಯಾರಿಕೆಯನ್ನು ನಿಲ್ಲಿಸಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳನ್ನೇ ದನಗಳಿಗೂ ಬಳಸುತ್ತಿದ್ದರು. ಅದಕ್ಕಾಗಿ 2015ರಲ್ಲಿ ಸೀಸೆಯ ಗಾತ್ರವನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ಅದರ ಬದಲಿಗೆ ಬಂದ ಅಸಿಕ್ಲೋಫೆನಾಕ್ ದನದ ಮೈಯೊಳಗೆ ಡೈಕ್ಲೋಫೆನಾಕೇ ಆಗಿಬಿಡುತ್ತದೆ. ಕೀಟೋಪ್ರೊಫೆನ್ ಸಹ ಹದ್ದಿಗೆ ವಿಷ. 2023ರಲ್ಲಿ ಪ್ರಾಣಿಗಳಿಗೆ ಇವೆರಡನ್ನೂ ನಿಷೇಧಿಸಲಾಯಿತು. ಮೆಲೋಕ್ಸಿಕಾಮ್ ಎಂಬ ಮದ್ದು ದನದ ನೋವಿಗೂ ಆಗುತ್ತದೆ, ಹದ್ದಿಗೂ ಅಪಾಯವಿಲ್ಲವೆಂದು ಪರೀಕ್ಷೆಯಿಂದ ತಿಳಿದಿದೆ. ನಮ್ಮ ನಾಡಿನಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ರಾಮನಗರದ ಬಳಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಕ್ಷಿತಧಾಮವೆಂದು ಘೋಷಿಸಲಾಯಿತು. ಆದರೆ ಬೆಟ್ಟದಲ್ಲಿ ಗೂಡು ಕಟ್ಟುವ ಹದ್ದು ಊಟಕ್ಕೆ ಬಹುದೂರ ಹಾರುತ್ತದೆ. ಸುತ್ತಲಿನ ಹಳ್ಳಿಗಳ ಹಟ್ಟಿಯಲ್ಲಿ ಯಾವ ಮದ್ದು ಇದೆಯೆಂಬುದೂ ಅದರ ಬಾಳಿಗೆ ಸೇರಿದ್ದು.

ಮನೆಗೆಲಸ: ನಿಮ್ಮ ಮನೆಯ ದನಕ್ಕೆ ನೋವಿನ ಚುಚ್ಚುಮದ್ದು ಹಾಕಿದಾಗ ಅದರ ಹೆಸರನ್ನು ಪಶುವೈದ್ಯರಿಂದ ಕೇಳಿ ಬರೆದುಕೊಂಡು ಬನ್ನಿ. ಆಮೇಲೆ ಈ ಪ್ರಶ್ನೆಗೆ ಉತ್ತರಿಸಿ: ನಿಮ್ಮ ಊರ ಗದ್ದೆಬಯಲಿನ ಕೇರೆಹಾವುಗಳನ್ನೆಲ್ಲ ಒಂದೇ ವರ್ಷದಲ್ಲಿ ಕೊಂದರೆ ಯಾವುದು ಹೆಚ್ಚಾದೀತು, ಯಾವುದು ಕಡಮೆಯಾದೀತು? ಮೂರು ಬಾಣ ಎಳೆಯಿರಿ, ಪ್ರತಿಯೊಂದಕ್ಕೂ "ಏಕೆಂದರೆ" ಬರೆಯಿರಿ. ಅವುಗಳಲ್ಲಿ ಯಾವುದು ಗಟ್ಟಿ ಗೆರೆ, ಯಾವುದು ಚುಕ್ಕಿ ಗೆರೆ ಎಂದೂ, ಚುಕ್ಕಿಯನ್ನು ಗಟ್ಟಿ ಮಾಡಲು ಗದ್ದೆಯಲ್ಲಿ ಏನನ್ನು ಎಣಿಸಬೇಕೆಂದೂ ತಿಳಿಸಿರಿ.